ಕೈಯಲ್ಲಿ ತಿರುಗಿಸಿ ಕೊಂಡ ಫ್ಯಾನು

ಆಗುವ ಮಾತೇ ಅಲ್ಲ ಎಂದವರು ನನ್ನ ಸೋದರಮಾವ. ಮಲ್ಲತ್ತಹಳ್ಳಿ ಕೆರೆಯ ಪಕ್ಕ ಅಜ್ಜನ ಹೊಲ ಇನ್ನೂ ಹೊಲವಾಗಿಯೇ ಇದ್ದ ಕಾಲ. ನಾನು ಹತ್ತನೇ ತರಗತಿ ಮುಗಿಸಿ ಮುಂದೆ ಎಲೆಕ್ಟ್ರಿಕಲ್ ಓದುತ್ತೇನೆ ಎಂದಾಗ ಜಗಲಿಯ ಮೇಲೆ ಕೂತು ನಕ್ಕರು. "ನಮ್ಮ ವಂಶದಲ್ಲಿ ಗಂಡಸರೇ ಡಿಗ್ರಿ ಮುಟ್ಟಿಲ್ಲ. ಇವಳು ಮುಗಿಸ್ತಾಳಂತೆ! ಹುಡ್ಗೀರಿಗೆ ಏನ್ ಗೊತ್ತಾಗುತ್ತೆ ಕರೆಂಟು ಗಿರೆಂಟು?"

ಮುಗಿಸಿದೆ. ಎರಡು ವಿಷಯ ಉಳಿಸಿಕೊಂಡು, ಮತ್ತೆ ಕಟ್ಟಿ, ಎಲೆಕ್ಟ್ರಿಕಲ್‌ನಲ್ಲೇ ಮುಗಿಸಿದೆ. ಈಗ ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಪರೀಕ್ಷಾಲಯದಲ್ಲಿ ಫ್ಯಾನು, ಮೋಟರುಗಳನ್ನು ಅಳೆದು ಸರ್ಟಿಫಿಕೇಟಿಗೆ ಸಹಿ ಹಾಕುವುದು ನನ್ನ ಕೆಲಸ. ಇದನ್ನು ಬರೆಯುವಾಗ ಹೆಮ್ಮೆ ಆಗುತ್ತದೆ; ಮುಚ್ಚಿಡುವುದಿಲ್ಲ.

ಹೊಲ ಹೋಗಿ ಅಲ್ಲಿ ಮಾವನ ನಾಲ್ಕು ಮಹಡಿಯ ಕಟ್ಟಡ ಎದ್ದಿತ್ತು. ಹುಡುಗಿಯರ ಪಿಜಿ. ಮೊದಲ ರೂಮು ನನ್ನ ತಂಗಿಗೆ ಎಂದು ಮಾವನೇ ಹೇಳಿದ್ದರು. ಅವಳ ಕಾಲೇಜು ಅಲ್ಲೇ ಹತ್ತಿರ. ನಮ್ಮ ಮನೆಯ ಎರಡನೇ ಡಿಗ್ರಿ ಆ ರೂಮಿನಲ್ಲಿ ಓದಿಕೊಳ್ಳಬೇಕಿತ್ತು.

ಪ್ರವೇಶದ ಪೂಜೆ ಹತ್ತಿರ ಬಂದಾಗ ಮಾವ ಮೂರು ಫ್ಯಾನುಗಳನ್ನು ಆಟೋದಲ್ಲಿ ಹಾಕಿಕೊಂಡು ನಮ್ಮ ಲ್ಯಾಬಿಗೆ ಬಂದರು. "ಇದರಲ್ಲಿ ಯಾವ್ದು ಒಳ್ಳೇದು ಅಂತ ಬರೆದು ಕೊಡಮ್ಮ. ನಂಗೆ ಗೊತ್ತು ಯಾವ್ದು ಅಂತ. ಆದ್ರೂ ಒಂದು ಪೇಪರ್ ಇರ್ಲಿ, ಹುಡ್ಗೀರ ಅಪ್ಪ ಅಮ್ಮ ಕೇಳ್ತಾರೆ."

"ನಿಮಗೆ ಹೇಗೆ ಗೊತ್ತಾಯ್ತು ಮಾವ?"

ಅವರು ಒಂದನ್ನು ಎತ್ತಿ ಹಿಡಿದು, ಕೆಳಗಿನ ದುಂಡು ಭಾಗವನ್ನು ಬೆರಳಲ್ಲಿ ತಿರುಗಿಸಿ ಬಿಟ್ಟರು. ಅದು ತಿರುಗಿತು, ತಿರುಗಿತು, ನಿಲ್ಲಲೇ ಇಲ್ಲ. "ನೋಡು. ನಿಮ್ಮಜ್ಜ ಗಾಡಿ ಚಕ್ರ ಹೀಗೇ ಎತ್ತಿ ತಿರುಗ್ಸಿ ನೋಡಿ ಕೊಳ್ತಿದ್ದ. ಒಂದು ಸಲಾನೂ ಮೋಸ ಹೋಗಿಲ್ಲ."

ಎರಡನೆಯದು ಪರಿಚಿತ ಕಂಪನಿಯ ಸಾಧಾರಣ ಫ್ಯಾನು. ಬೇಗ ನಿಂತಿತು. ಮೂರನೆಯದು ಕರೆಂಟು ಉಳಿಸುವ ಬಿಎಲ್‌ಡಿಸಿ. ಅದನ್ನು ತಿರುಗಿಸಿದರೆ ಬೆರಳಿಗೆ ತಡೆದು ತಡೆದು ಸಿಗುತ್ತಿತ್ತು.

"ಇದು ಹೊಸದರಲ್ಲೇ ಕಚ್ಕೊಂಡಿದೆ. ಅಂಗಡಿಯವನು ಇದನ್ನೇ ಹೊಗಳ್ತಿದ್ದ, ಕಳ್ಳ."

"ಕಚ್ಕೊಂಡಿಲ್ಲ ಮಾವ. ಒಳಗೆ ಅಯಸ್ಕಾಂತ ಇದೆ. ಕಬ್ಬಿಣದ ಒಂದೊಂದು ಹಲ್ಲಿನ ಎದುರು ಬಂದಾಗಲೂ ಹಿಡಿಯುತ್ತೆ, ಬಿಡುತ್ತೆ. ಬೇರಿಂಗಿಗೂ ಅದಕ್ಕೂ ಸಂಬಂಧ ಇಲ್ಲ."

"ಸರಿ ಬಿಡು, ಓದಿದವಳು ನೀನು," ಎಂದು ನಕ್ಕು ಹೋದರು. ಅದು ಜಗಲಿಯ ಮೇಲಿನ ಹಳೆಯ ನಗೆಯೇ.

ಮರುದಿನ ಮೂರನ್ನೂ ಒಂದೊಂದಾಗಿ ಪರೀಕ್ಷೆಯ ಕೋಣೆಯಲ್ಲಿ ತೂಗುಹಾಕಿದೆ. ಆ ಕೋಣೆಗೆ ಕಿಟಕಿ ಇಲ್ಲ. ಹೊರಗಿನ ಗಾಳಿ ಸ್ವಲ್ಪ ಬಂದರೂ ಲೆಕ್ಕ ಕೆಡುತ್ತದೆ. ಫ್ಯಾನು ಓಡಿ ಬಿಸಿಯಾಗುವ ತನಕ ಕಾಯಬೇಕು. ಆಮೇಲೆ ರೆಕ್ಕೆಗಳ ಕೆಳಗೆ ಗಾಳಿಯ ವೇಗ ಅಳೆಯುವ ಮೀಟರನ್ನು ನಡುವಿನಿಂದ ಹೊರಕ್ಕೆ, ನಾಲ್ಕೂ ದಿಕ್ಕಿಗೆ ಸರಿಸುತ್ತಾ ಹೋಗಬೇಕು. ಬಾಗಿಲು ಹಾಕಿಕೊಂಡು ಅಲ್ಲಿ ನಿಂತರೆ ಗಾಳಿ ಬಿಟ್ಟು ಬೇರೇನೂ ಕೇಳಿಸದು.

ಬಿಎಲ್‌ಡಿಸಿ ಮೂವತ್ತು ವಾಟಿನಲ್ಲಿ ನಿಮಿಷಕ್ಕೆ ಇನ್ನೂರ ಹದಿನೆಂಟು ಘನ ಮೀಟರ್ ಗಾಳಿ ಕೊಟ್ಟಿತು. ಸಾಧಾರಣ ಫ್ಯಾನು ಅದಕ್ಕಿಂತ ಚೂರು ಹೆಚ್ಚು ಕೊಟ್ಟಿತು, ಆದರೆ ಎಪ್ಪತ್ತನಾಲ್ಕು ವಾಟ್ ತಿಂದಿತು. ವೋಲ್ಟೇಜ್ ಇಳಿಸಿ ನೋಡಿದೆ: ಸಾಧಾರಣದ್ದು ಸೊರಗಿತು, ಬಿಎಲ್‌ಡಿಸಿ ಜಗ್ಗಲಿಲ್ಲ. ಅದರ ಸದ್ದು ಬರೀ ಗಾಳಿಯದು. ಸಾಧಾರಣದ್ದರಲ್ಲಿ ಅದರ ಜೊತೆಗೆ ಕಾಯಿಲಿನ ಸಣ್ಣ ಗುಂಯ್ ಇತ್ತು. ಎರಡರಲ್ಲಿ ಯಾವುದಾದರೂ ಮಲಗುವ ಕೋಣೆಗೆ ನಡೆಯುತ್ತದೆ.

ಮಾವ ಮೆಚ್ಚಿದ ಫ್ಯಾನು ಕೊನೆಯಲ್ಲಿ. ಎಪ್ಪತ್ತೆಂಟು ವಾಟ್ ಎಳೆದು ಮೂರರಲ್ಲೂ ಕಡಿಮೆ ಗಾಳಿ ಕೊಟ್ಟಿತು. ಅದು ನನ್ನನ್ನು ಹೆದರಿಸಲಿಲ್ಲ. ಕಳಪೆ ಫ್ಯಾನು ಎಷ್ಟೋ ನೋಡಿದ್ದೇನೆ. ಶುರುವಿನಲ್ಲಿ ಸದ್ದೂ ಇರಲಿಲ್ಲ. ಬಿಸಿಯಾದ ಮೇಲೆ ಬಂತು. ಒಣಗಿದ ಎಲೆಗಳನ್ನು ಯಾರೋ ಕಾಲಲ್ಲಿ ನಿಧಾನಕ್ಕೆ ಸರಿಸುತ್ತಾ ನಡೆದ ಹಾಗೆ.

ಆ ಸದ್ದನ್ನು ನಾನು ಆಗಲೇ ಕೇಳಿದ್ದೆ. ಎಲ್ಲಿ ಎಂದು ನೆನಪಾಗಲಿಲ್ಲ. ಫ್ಯಾನು ನಿಲ್ಲಿಸಿ ಮತ್ತೆ ಹಾಕಿದೆ; ಮತ್ತೆ ಅದೇ ಸದ್ದು.

ಇಳಿಸಿ ಬಿಚ್ಚಿದೆ. ಬೇರಿಂಗಿನಲ್ಲಿ ಗ್ರೀಸ್ ಇರಲೇ ಇಲ್ಲ ಎನ್ನಬೇಕು. ಅದಕ್ಕೇ ಕೈಯಲ್ಲಿ ಅಷ್ಟು ಸಲೀಸಾಗಿ ತಿರುಗಿದ್ದು. ಗ್ರೀಸ್ ತುಂಬಿದ, ರಬ್ಬರ್ ಮುಚ್ಚಳದ ಒಳ್ಳೆಯ ಬೇರಿಂಗು ಹೊಸದರಲ್ಲಿ ಕೊಂಚ ಬಿಗಿಯಾಗಿರುತ್ತದೆ, ಬೇಗ ನಿಲ್ಲುತ್ತದೆ. ಒಣ ಬೇರಿಂಗು ಎಷ್ಟೋ ಹೊತ್ತು ತಿರುಗುತ್ತದೆ. ಅಜ್ಜನ ಗಾಡಿಯ ಅಚ್ಚಿಗೆ ಎಣ್ಣೆ ಹಾಕುತ್ತಿದ್ದದ್ದು ಮನೆಯವರೇ, ವಾರ ವಾರ. ಚಾವಣಿಯ ಫ್ಯಾನಿನ ಬೇರಿಂಗಿಗೆ ಯಾರೂ ಹಾಕುವುದಿಲ್ಲ. ಗುಂಡುಗಳು ಸವೆಯುತ್ತವೆ, ಬೇರಿಂಗು ಸಡಿಲವಾಗಿ ಅಲುಗಾಡತೊಡಗುತ್ತದೆ. ಸುತ್ತುವ ಭಾಗಕ್ಕೂ ಒಳಗಿನ ಸುರುಳಿಯ ಭಾಗಕ್ಕೂ ನಡುವೆ ಇರುವುದು ಕಾಗದದಷ್ಟು ಸಂದು. ಒಂದಕ್ಕೊಂದು ಉಜ್ಜಿ ಫ್ಯಾನು ಸಿಕ್ಕಿಕೊಂಡರೆ ಸುರುಳಿ ಕಾಯುತ್ತದೆ, ಹೊಗೆಯಾಡುತ್ತದೆ. ಅದಕ್ಕೂ ಮುಂಚೆ ಅದುರಿ ಅದುರಿ ಮೇಲಿನ ಬೋಲ್ಟು ಸಡಿಲವಾಗಿ ಫ್ಯಾನೇ ಕಳಚಿ ಬೀಳಬಹುದು. ಆ ಬೋಲ್ಟನ್ನು ತಡೆಯುವ ಪಿನ್ನು ಮಾವ ತಂದ ಡಬ್ಬಿಯಲ್ಲಿ ಇರಲಿಲ್ಲ.

ಅಷ್ಟರಲ್ಲಿ ನೆನಪಾಯಿತು. ಮೊನ್ನೆ ತಂಗಿ ಫೋನ್ ಮಾಡಿದ್ದಳು.

"ಅಕ್ಕಾ, ಪೂಜೆಗೆ ಮುಂಚೆನೇ ಮಾವನ ಪಿಜಿಗೆ ಬಂದ್ಬಿಟ್ಟೆ ಕಣೇ. ರೂಮ್ ಸೂಪರ್ ಆಗಿದೆ, ಕೆರೆ ಕಾಣ್ಸುತ್ತೆ."

ಅವಳ ಮಾತಿನ ಹಿಂದೆ ಅದೇ ತರಗೆಲೆಯ ಸದ್ದು ಇತ್ತು. ಕೆರೆಯ ಕಡೆಯ ಗಾಳಿ ಎಂದುಕೊಂಡಿದ್ದೆ. ನಿನ್ನೆ ಮಾವ ಮೂರು ಫ್ಯಾನು ತಂದಾಗಲೂ, ಇನ್ನೂ ಆರಿಸುತ್ತಿದ್ದಾರಲ್ಲ, ಕಟ್ಟಿರುವುದು ಎಲ್ಲಿ ಎಂಬ ಧೈರ್ಯ ನನಗೆ.

ಫೋನ್ ಮಾಡಿದೆ. ಎತ್ತಲಿಲ್ಲ. ಕ್ಲಾಸಿನಲ್ಲಿರಬೇಕು. 'ಮಾವನ ರೂಮಲ್ಲಿ ಫ್ಯಾನ್ ಹಾಕ್ಬೇಡ' ಎಂದು ಮೆಸೇಜ್ ಕಳಿಸಿ, ಸರ್ಟಿಫಿಕೇಟ್ ಟೈಪ್ ಮಾಡಿ, 'ಬಳಸಲು ಯೋಗ್ಯವಲ್ಲ' ಎಂಬ ಸಾಲಿನ ಕೆಳಗೆ ಸಹಿ ಹಾಕಿ ಆಟೋ ಹತ್ತಿದೆ. ಮೂಡಲಪಾಳ್ಯ ದಾಟುವ ತನಕ ಮೊಬೈಲು ನೋಡುತ್ತಲೇ ಇದ್ದೆ. ಉತ್ತರ ಬರಲಿಲ್ಲ.

ಮಾವ ಕಟ್ಟಡದ ಗೇಟಿನಲ್ಲೇ ನಿಂತಿದ್ದರು. ಒಳಗೆ ಹೊಸ ಬಣ್ಣದ ವಾಸನೆ. ತಂಗಿಯ ಚಪ್ಪಲಿ ಮೆಟ್ಟಿಲ ಬಳಿ ಇತ್ತು.

"ಅವಳೆಲ್ಲಿ ಮಾವ?"

"ಮೇಲೆ ಮಲಗಿದಾಳೆ. ತಲೆನೋವಂತೆ, ಕಾಲೇಜಿಂದ ಬೇಗ ಬಂದ್ಲು. ಪೇಪರ್ ತಂದ್ಯಾ?"

ಕೈಗೆ ಕೊಟ್ಟೆ. ಕಣ್ಣಿಗೆ ದೂರ ಹಿಡಿದು, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಸಹಿಯ ಮೇಲೆ ಬೆರಳು ನಿಂತಿತು.

"ಇದು ನಿಂದಾ?"

"ನಂದೇ. ಮಾವ, ಆ ಫ್ಯಾನ್ ಎಲ್ಲೂ ಕಟ್ಟಿಲ್ಲ ತಾನೇ?"

ಅವರು ನಗಲಿಲ್ಲ. ಅವರ ಮುಖದಲ್ಲಿ ನಗೆಯಿಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೆಟ್ಟಿಲ ಮೇಲಿನಿಂದ, ಮುಚ್ಚಿದ ಬಾಗಿಲ ಹಿಂದಿನಿಂದ, ಯಾರೋ ತರಗೆಲೆ ಸರಿಸುತ್ತಾ ನಡೆಯುತ್ತಿದ್ದರು. ನಾನು ಆಗಲೇ ಮೆಟ್ಟಿಲು ಹತ್ತುತ್ತಿದ್ದೆ. ಮಾವನ ದನಿ ಬೆನ್ನಿಗೆ ಬಂತು.

"ಎಲ್ಲಾ ರೂಮಿಗೂ ಕಟ್ಸಿ ಆಯ್ತು ಕಣಮ್ಮ. ನಿನ್ನ ತಂಗಿ ಮೊನ್ನೆಯಿಂದ ಹೇಳ್ತಾನೇ ಇದ್ಲು, ಒಂಥರಾ ಸದ್ದು ಬರುತ್ತೆ ಮಾವ ಅಂತ. ಹುಡ್ಗೀರಿಗೆ ಏನ್ ಗೊತ್ತಾಗುತ್ತೆ ಅಂದ್ಬಿಟ್ಟೆ."