ಚಿಕ್ಕಮ್ಮ ಕೇಳಿದ ಬಡ್ಡಿಯ ಲೆಕ್ಕ

ಹಾನುಬಾಳಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಲೆಕ್ಕ ಬರೆಯುವ ರೈಟರ್. ನನ್ನ ಚಿಕ್ಕಮ್ಮ ಅದೇ ಎಸ್ಟೇಟಿನ ಶಿಶುವಿಹಾರದಲ್ಲಿ ಆಯಾ ಆಗಿದ್ದವಳು. ತಾಯಂದಿರು ಕಾಫಿ ಹಣ್ಣು ಕುಯ್ಯಲು ಹೋದರೆ ಕೂಲಿ ಲೈನಿನ ಮಕ್ಕಳೆಲ್ಲ ಅವಳ ಕೈಯಲ್ಲೇ. ನನ್ನ ತಾಯಿ ತೀರಿಕೊಂಡ ಮೇಲೆ ನಾನೂ ಬೆಳೆದದ್ದು ಅವಳ ಕೈಯಲ್ಲೇ. ಅವಳು ಕೆಲಸ ಬಿಟ್ಟಾಗ ಪಿಎಫ್, ಗ್ರಾಚ್ಯುಟಿ ಸೇರಿ ನಾಲ್ಕು ಲಕ್ಷ ಬಂತು.

ಸಕಲೇಶಪುರದ ಒಂದು ಫೈನಾನ್ಸಿನಲ್ಲಿ ನಾನು ಆಗಲೇ ಒಂದೂವರೆ ಲಕ್ಷ ಇಟ್ಟಿದ್ದೆ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಐದನೇ ತಾರೀಕು ತಪ್ಪದೆ ಕೈಗೆ ಬರುತ್ತಿತ್ತು. ಚಿಕ್ಕಮ್ಮನ ದುಡ್ಡು ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದಿದೆಯಲ್ಲ ಎಂದು ನಾನೇ ಒತ್ತಾಯ ಮಾಡಿ ಅವಳನ್ನು ಬಸ್ಸು ಹತ್ತಿಸಿದೆ.

ಫೈನಾನ್ಸಿನ ಮಾಲೀಕರು ಎದ್ದು ನಿಂತು ಕುರ್ಚಿ ಹಾಕಿದರು. "ಬನ್ನಿ ತಾಯಿ, ನಿಮ್ಮ ದುಡ್ಡು ನಮ್ಮ ಮನೆಯಲ್ಲಿದ್ದಂಗೆ" ಅಂದರು. ಚಿಕ್ಕಮ್ಮ ಕಾಫಿ ಕುಡಿದು ಲೋಟ ಕೆಳಗಿಟ್ಟಳು.

"ನಿಮ್ಮತ್ರ ಸಾಲ ತಗೊಳೋರು ಎಷ್ಟು ಬಡ್ಡಿ ಕಟ್ತಾರೆ ಸ್ವಾಮಿ?"

"ಮೂರು ರೂಪಾಯಿ."

"ನಂಗೆ ಎರಡು ಕೊಟ್ರೆ ನಿಮಗೆ ಉಳಿಯೋದು ಒಂದು. ಅದ್ರಲ್ಲೇ ಬಾಡಿಗೆ, ಸಂಬಳ. ಸಾಲ ತಗೊಂಡೋರು ನಾಕು ಜನ ಕಟ್ಟದೆ ಹೋಗ್ಬುಟ್ರೆ ನನ್ನ ಬಡ್ಡಿ ಎಲ್ಲಿಂದ ತರ್ತೀರಿ?"

ಮಾಲೀಕರು ನಕ್ಕರು. ಅವಳು ಗೋಡೆಯ ಮೇಲಿದ್ದ ಗಾಜಿನ ಚೌಕಟ್ಟು ತೋರಿಸಿ, "ಅದೇನು ಬರೆದೈತೆ, ಓದು ಮಗ" ಅಂದಳು. ಎರಡು ವರ್ಷದಿಂದ ಅದರ ಕೆಳಗೆ ಕೂತು ಬಡ್ಡಿ ಎಣಿಸಿಕೊಂಡು ಬಂದವನು ನಾನು, ಅವತ್ತೇ ಮೊದಲು ಓದಿದ್ದು. ಲೇವಾದೇವಿ ಪರವಾನಗಿ: ಸಾಲ ಕೊಡಲು ಇರುವ ಅನುಮತಿ.

"ಜನರ ಹತ್ರ ಠೇವಣಿ ಇಸ್ಕೋಬೋದು ಅಂತ ಐತಾ?"

ಇರಲಿಲ್ಲ. ಅದಕ್ಕೆ ರಿಸರ್ವ್ ಬ್ಯಾಂಕಿನ ಅನುಮತಿ ಕಾಗದ ಇದೆಯೇ ಎಂದು ಅವಳು ಕೇಳಿದ್ದಕ್ಕೆ ಮಾಲೀಕರು, "ನಂಬಿಕೆ ಮೇಲೆ ನಡೆಯೋ ವ್ಯವಹಾರ ತಾಯಿ" ಅಂದರು. ಚಿಕ್ಕಮ್ಮ ಕೈಮುಗಿದು ಹೊರಬಂದಳು. ನನಗೆ ಅವಮಾನವಾಗಿ, ಬಸ್ಸಿನಲ್ಲಿ ಮಾರನಹಳ್ಳಿ ಕಡೆ ಹೋಗುವ ಲಾರಿಗಳನ್ನೇ ನೋಡುತ್ತಾ ಕೂತೆ. ಅವಳೇ ಮಾತು ತೆಗೆದಳು.

"ಲೈನಿನ ಚೀಟಿಲಿ ಒಂದ್ಸಲ ಕಳ್ಕೊಂಡಿದೀನಿ ಕಣೋ. ನಡೆಸ್ತಿದ್ದೋಳು ನನ್ನ ಜೀವದ ಗೆಳತಿ. ಚೀಟಿಗೆ ನೋಂದಣಿ ಇರ್ಲಿಲ್ಲ, ಬರವಣಿಗೆ ಇರ್ಲಿಲ್ಲ. ನೋಂದಣಿ ಆದ ಚೀಟಿಯಾದ್ರೆ ನಡೆಸೋರು ಮೊದ್ಲೇ ರಿಜಿಸ್ಟ್ರಾರ್ ಹತ್ರ ಭದ್ರತೆ ಇಡ್ಬೇಕಂತೆ. ಇವಳು ಏನಿಟ್ಟಿದ್ಲು? ಒಂದಿನ ಬೆಳಗ್ಗೆ ಊರು ಬಿಟ್ಟು ಹೋಗ್ಬುಟ್ಳು. ಒಳ್ಳೇವ್ಳೇ ಪಾಪ."

ಮರುವಾರ ಹಾನುಬಾಳಿನ ಸಹಕಾರ ಸೊಸೈಟಿಗೆ ಹೋದೆವು. ಚಿಕ್ಕಮ್ಮ ಅಲ್ಲಿ ಷೇರುದಾರಳು. ವಾರ್ಷಿಕ ಸಭೆಗೆ ವಡೆಯ ಆಸೆಗೆ ಹೋಗುತ್ತಾಳೆಂದು ನಾವೆಲ್ಲ ಛೇಡಿಸುತ್ತಿದ್ದೆವು. ಅವಳು ಆಡಿಟ್ ವರದಿ ಕೇಳಿ ಇಸ್ಕೊಂಡು, ಕಟ್ಟದೆ ಉಳಿದ ಸುಸ್ತಿ ಸಾಲ ಹೋದ ವರ್ಷಕ್ಕಿಂತ ಹೆಚ್ಚಾಯಿತೋ ಕಮ್ಮಿಯಾಯಿತೋ ಎಂದು ನನ್ನಿಂದ ಓದಿಸಿದಳು. ಕಮ್ಮಿಯಾಗಿತ್ತು. ಕಾರ್ಯದರ್ಶಿ ನೇರ ಮನುಷ್ಯ. "ಬ್ಯಾಂಕಿಂದಾದ್ರೆ ಐದು ಲಕ್ಷದವರೆಗೂ ವಿಮೆ ಐತೆ ಅಮ್ಮಾ, ನಮ್ಮ ಸೊಸೈಟಿ ಠೇವಣಿಗೆ ಇಲ್ಲ. ಎಲ್ಲಾ ಇಲ್ಲೇ ಇಡಿ ಅಂತ ನಾನು ಹೇಳಲ್ಲ" ಅಂದರು. ಆ ಮಾತಿಗೇ ಮೆಚ್ಚಿ ಐವತ್ತು ಸಾವಿರ ಅಲ್ಲಿಟ್ಟಳು. ಉಳಿದದ್ದು ಬ್ಯಾಂಕಿನಲ್ಲಿ ಎಫ್‌ಡಿ ಆಯಿತು.

"ನೀನೂ ನಿನ್ನ ದುಡ್ಡು ಈಚೆ ತಗೊ ಮಗ" ಎಂದು ಎರಡು ಸಲ ಹೇಳಿದಳು. ಬಡ್ಡಿಯ ರುಚಿ ಹತ್ತಿತ್ತು, ನಾನು ಕೇಳಲಿಲ್ಲ.

ಏಳು ತಿಂಗಳಿಗೆ ಬಡ್ಡಿ ತಡವಾಯಿತು, ಆಮೇಲೆ ಅರ್ಧವಾಯಿತು, ಆಮೇಲೆ ಬಾಗಿಲಿಗೆ ಬೀಗ ಬಿತ್ತು. ಮಗಳ ನರ್ಸಿಂಗ್ ಕಾಲೇಜಿನ ಫೀಸು ಕಟ್ಟಲು ಇದ್ದದ್ದು ಅದೇ ದುಡ್ಡು. ಚಿಕ್ಕಮ್ಮನಿಗೆ ಮುಖ ತೋರಿಸಲಾರದೆ ನಾಲ್ಕು ದಿನ ಎಸ್ಟೇಟಿನ ಸ್ಟೋರಿನಿಂದ ಅವಳ ಕಡೆ ಹಾಯದೆ ನೇರ ನನ್ನ ಮನೆಗೆ ಹೋದೆ. ಐದನೇ ದಿನ ಅವಳೇ ಅಕ್ಕಿರೊಟ್ಟಿ ಕಟ್ಟಿಕೊಂಡು ಬಂದಳು.

"ತಿನ್ನು. ಆಮೇಲೆ ನಿನ್ನ ಕಾಗದ ಎಲ್ಲಾ ಎತ್ಕೊ, ಹೋಗಾನ."

ಪೊಲೀಸರಿಗೆ ದೂರು ಕೊಟ್ಟೆವು. ಇಂಥ ಸಂಸ್ಥೆಗಳ ಆಸ್ತಿ ಜಪ್ತಿ ಮಾಡಿ ಠೇವಣಿದಾರರಿಗೆ ಹಂಚುವ ಕಾನೂನಿದೆ ಎಂದು ಅಲ್ಲೇ ಗೊತ್ತಾಯಿತು. ಅದಕ್ಕೆ ನೇಮಕವಾದ ಅಧಿಕಾರಿಯ ಕಚೇರಿಯಲ್ಲಿ ರಸೀದಿಗಳ ನಕಲು ಜೋಡಿಸಿ ಅರ್ಜಿ ಹಾಕಿದೆವು. ಸಾಲಿನಲ್ಲಿ ಆಲೂರು ಕಡೆಯವರೂ ಇದ್ದರು. ಚಿಕ್ಕಮ್ಮ ಅಳುತ್ತಿದ್ದ ಒಬ್ಬ ಹೆಂಗಸಿನ ಕೈ ಹಿಡಿದುಕೊಂಡೇ ನಿಂತಿದ್ದಳು.

ಹಿಂತಿರುಗುವಾಗ ಬ್ಯಾಂಕಿನ ಮುಂದೆ ನಿಂತಳು. ಎಫ್‌ಡಿ ಮುರಿಯಲು ಹೊರಟವಳಿಗೆ ಗುಮಾಸ್ತೆ, ಮುರಿಯುವುದು ಬೇಡ, ಅದರ ಮೇಲೇ ಕಮ್ಮಿ ಬಡ್ಡಿಗೆ ಸಾಲ ಸಿಗುತ್ತದೆ ಅಂದಳು. ಅದನ್ನೇ ತೆಗೆದು ಫೀಸು ಕಟ್ಟಿಸಿದಳು. ನಾನು ಬೇಡವೆಂದರೆ, "ಸುಮ್ನಿರೋ ಮಾರಾಯ, ಮೊಮ್ಮಗಳು ನನ್ಗೂ ಒಂದು ಇಂಜೆಕ್ಷನ್ ಚುಚ್ತಾಳೆ" ಎಂದು ನಕ್ಕಳು.

ಆ ಸಾಲದ ಕಂತು ತಿಂಗಳು ತಿಂಗಳು ನಾನೇ ಕಟ್ಟುತ್ತಿದ್ದೇನೆ. ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ. ಪೂರ್ತಿ ಬರುತ್ತದೆಂಬ ಭರವಸೆ ನನಗಿಲ್ಲ. ಮಗಳು ಮಾತ್ರ ಮೂರನೇ ವರ್ಷಕ್ಕೆ ಬಂದಿದ್ದಾಳೆ. ರಜೆಗೆ ಬಂದಾಗ ಚಿಕ್ಕಮ್ಮನ ಬಿಪಿ ನೋಡುತ್ತಾಳೆ. ಚಿಕ್ಕಮ್ಮ ತೋಳು ಚಾಚಿ, ಉಸಿರು ಬಿಗಿಹಿಡಿದು, ಪರೀಕ್ಷೆಗೆ ಕೂತವಳ ಹಾಗೆ ಕೂರುತ್ತಾಳೆ.