ಜಾವಳಿ ಶೆಡ್ಡಿನ ಬೋಲ್ಟುಗಳು

ಯುದ್ಧ ಬಂದು ಕಬ್ಬಿಣಕ್ಕೆ ಪರ್ಮಿಟ್ ಬೇಕಾಗುವ ಮೊದಲಿನ ಮಾತು. ಚಿಕ್ಕಮಗಳೂರಿನ ಬಸ್ ಗ್ಯಾರೇಜೊಂದರಲ್ಲಿ ಷಡಕ್ಷರಿ ಎಂಬ ಗ್ಯಾಸ್ ವೆಲ್ಡರ್ ಇದ್ದ. ಒಳ್ಳೆಯ ಕೈ, ಕೆಟ್ಟ ನಾಲಿಗೆ. ನಾಲಿಗೆ ಮಾಡಿದ ಕೇಡನ್ನು ಕೈ ಸರಿಮಾಡಲಾರದು ಎಂಬುದು ಗೊತ್ತಾಗುವ ಹೊತ್ತಿಗೆ ಅವನ ಹೆಂಡತಿ ಭಾಗಮ್ಮ ತವರು ಸೇರಿ ಮೂರು ವರ್ಷವಾಗಿತ್ತು.

ಹೆರಿಗೆಗೆಂದು ಜಾವಳಿಗೆ ಹೋದವಳು ಅವಳು. ಮಗು ಉಳಿಯಲಿಲ್ಲ. ಗ್ಯಾರೇಜಿನ ಕೆಲಸ ಮುಗಿಸಿಕೊಂಡೇ ಹೊರಟ ಷಡಕ್ಷರಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಾವ ಲಿಂಗಪ್ಪ ಏನೋ ಅಂದ, ಇವನು ಅದಕ್ಕೆರಡು ಸೇರಿಸಿ ಅಂದ, ಕರೆಯದೆ ಈ ಹೊಸಿಲು ತುಳಿಯುವುದಿಲ್ಲವೆಂದು ಹೇಳಿ ಬಂದುಬಿಟ್ಟ. ಅವರು ಕರೆಯಲಿಲ್ಲ. ಇವನು ಹೋಗಲಿಲ್ಲ. ಮೂಡಿಗೆರೆ ಬಸ್ಸು ಗ್ಯಾರೇಜಿಗೆ ಬಂದಾಗಲೆಲ್ಲ ಚಕ್ರಕ್ಕೆ ಮೆತ್ತಿದ ಕೆಮ್ಮಣ್ಣನ್ನು ತಾನೇ ಕೆರೆದು ತೆಗೆಯುತ್ತಿದ್ದ. ಅವಳ ಊರ ಕಡೆಯ ಮಣ್ಣು ಎಂಬುದು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ.

ಒಂದು ದಿನ ಜಾವಳಿ ಕಡೆಯ ಎಸ್ಟೇಟಿನ ದೇವರಾಜೇಗೌಡರು ಗ್ಯಾರೇಜಿಗೆ ಬಂದರು. ಹೋದ ಆಷಾಢದ ಗಾಳಿಗೆ ಅವರ ವರ್ಕ್‌ಶಾಪಿನ ಮರದ ಸೂರು ಹಾರಿಹೋಗಿತ್ತು. ಆ ವರ್ಕ್‌ಶಾಪಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ರಿಪೇರಿ ಮಾಡುವ ಫಿಟ್ಟರ್ ಬೇರೆ ಯಾರೂ ಅಲ್ಲ, ಲಿಂಗಪ್ಪನೇ. ಮಧ್ಯಾಹ್ನ ಅವನಿಗೆ ಬುತ್ತಿ ತರುವವಳು ಭಾಗಮ್ಮ.

"ಇಪ್ಪತ್ತಡಿ ಅಗಲ. ಸೂರು ಹೊರಕ್ಕೆ ಕಬ್ಬಿಣದ ಟ್ರಸ್ಸು, ಮೇಲೆ ಜಿಂಕ್ ಶೀಟು," ಎಂದರು ಗೌಡರು. "ಬೋಲ್ಟು ಗೀಲ್ಟು ಬೇಡ ಮಾರಾಯ. ಸಡಿಲ ಆಗ್ತವೆ, ತುಕ್ಕು ಹಿಡಿತವೆ. ಕಂಬಿ ಎಲ್ಲಾ ಅಲ್ಲಿಗೇ ತಗಂಡು ಬಂದು ಬೆಸೆದುಬಿಡು. ಸಿಲಿಂಡರಿಗೆ ಲಾರಿ ಕಳಿಸ್ತೀನಿ. ಹದಿನೈದು ದಿನ ಆದ್ರೂ ಅಲ್ಲೇ ಇರು."

ಷಡಕ್ಷರಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಕರೆದದ್ದು ಮಾವನಲ್ಲ, ಗೌಡರು. ಹೋಗುವುದು ಹೊಸಿಲಿಗಲ್ಲ, ಕೆಲಸಕ್ಕೆ. ಮಾನಕ್ಕೂ ಮುಕ್ಕಿಲ್ಲ. ಅವಳು ಬುತ್ತಿ ಹಿಡಿದು ಬರುತ್ತಾಳೆ, ತಾನು ಏಣಿಯ ಮೇಲಿರುತ್ತೇನೆ, ಒಂದಲ್ಲ ಒಂದು ದಿನ ತಲೆ ಎತ್ತಿ ನೋಡದೆ ಇರುತ್ತಾಳೆಯೇ? ಆ ಒಂದು ನೋಟಕ್ಕಾಗಿ ಅವನು ಬೇಕಾದಷ್ಟು ಕಬ್ಬಿಣ ಹೊರಲು ತಯಾರಿದ್ದ.

ಆಗಲಿ ಎಂದವನೇ ಗ್ಯಾರೇಜಿನ ನೆಲದ ಮೇಲೆ ಸೀಮೆಸುಣ್ಣದಿಂದ ಟ್ರಸ್ಸನ್ನು ಅದರ ಪೂರ್ತಿ ಅಳತೆಗೇ ಬರೆದ. ಐದಡಿ ಎತ್ತರದ ನೆತ್ತಿ, ಮಲೆನಾಡಿನ ಮಳೆ ನಿಲ್ಲದೆ ಜಾರುವಷ್ಟು ಇಳಿಜಾರು. ಸೂರಿನ ಭಾರ ಬಿದ್ದಾಗ ಮೇಲಿನ ಓರೆ ಕಂಬಿಗಳು ಒತ್ತಡಕ್ಕೆ ಸಿಕ್ಕುತ್ತವೆ, ಕೆಳಗಿನ ಅಡ್ಡ ಕಂಬಿ ಎಳೆತಕ್ಕೆ. ಎಳೆತಕ್ಕೆ ಸಿಕ್ಕಿದ್ದು ಸಣ್ಣಗಿದ್ದರೂ ತಾಳುತ್ತದೆ, ಹಗ್ಗವೂ ತಾಳುತ್ತದಲ್ಲ. ಒತ್ತಡಕ್ಕೆ ಸಿಕ್ಕಿದ್ದು ಹಾಗಲ್ಲ, ಉದ್ದವಾದಷ್ಟೂ ಬಳುಕಿ ಪಕ್ಕಕ್ಕೆ ಬಾಗುತ್ತದೆ. ಅದಕ್ಕೇ ಮೇಲಿನ ಕಂಬಿಗೆ ಮೂಲೆಯಂತೆ ಮಡಿಚಿದ ಎರಡಿಂಚಿನ ಆಂಗಲ್ ಕಂಬಿ ಎರಡನ್ನು ಬೆನ್ನಿಗೆ ಬೆನ್ನು ಕೂಡಿಸಿ, ಅದರ ನಡುಮಧ್ಯಕ್ಕೆ ಒಂದು ಗಿಡ್ಡ ಊರುಗೋಲು ಕೊಟ್ಟ. ಶೀಟು ಹೊರುವ ಅಡ್ಡತೊಲೆಯೂ ಆ ಊರುಗೋಲಿನ ನೆತ್ತಿಗೇ ಬರುವಂತೆ ಗುರುತಿಟ್ಟ. ಬೇರೆಲ್ಲೋ ಕೂತರೆ ಓರೆ ಕಂಬಿ ನಡುವೆ ಜಗ್ಗುತ್ತದೆ.

ನೋಡುತ್ತ ನಿಂತಿದ್ದ ಗೌಡರು, "ಕೆಳಗಿಂದು ಎಳೆತಕ್ಕೆ ಮಾತ್ರ ಅಂದ್ಯಲ್ಲ, ಅದಕ್ಕೆ ತೆಳು ಪಟ್ಟಿ ಸಾಕಲ್ವಾ?" ಎಂದರು.

"ಗಾಳಿ ಸುಮ್ನಿದ್ದ ದಿನ ಸಾಕು ಗೌಡ್ರೇ. ಆಷಾಢದಲ್ಲಿ ಗಾಳಿ ಶೀಟನ್ನ ಮೇಲಕ್ಕೆ ಎತ್ತುತ್ತೆ. ಆವಾಗ ಎಳೆತ ಹೋಗಿ ಅದಕ್ಕೂ ಒತ್ತಡ ಬರುತ್ತೆ. ಪಟ್ಟಿ ಆದ್ರೆ ಬಾಗಿಹೋಗುತ್ತೆ. ಅಲ್ಲೂ ಆಂಗಲ್ಲೇ ಬೇಕು."

ಗೌಡರು ಒಪ್ಪಿ ಹೋದರು. ಷಡಕ್ಷರಿ ಮಾತ್ರ ಸೀಮೆಸುಣ್ಣದ ಗೆರೆಗಳ ನಡುವೆ ಕುಕ್ಕರಗಾಲಲ್ಲಿ ಕೂತೇ ಉಳಿದ. ಗಾಳಿಯ ಮಾತು ಅವನ ಬಾಯಿಂದಲೇ ಬಂದಿತ್ತು, ಈಗ ಅದು ಅವನನ್ನೇ ಹಿಡಿದುಕೊಂಡಿತು. ಗುಡ್ಡದ ಮೇಲೆ ಗೋಡೆಯಷ್ಟೇ ಇರುವ ಬಯಲಿನಲ್ಲಿ, ಗಾಳಿಗೆ ಉರಿ ಅಲ್ಲಾಡುತ್ತಿರುವಾಗ, ಜಿನುಗುಮಳೆ ಬಿಸಿ ಬೆಸುಗೆಯ ಮೇಲೆ ಬೀಳುತ್ತಿರುವಾಗ ಎಂಥ ಬೆಸುಗೆ ಹಾಕುವುದು? ಮೇಲ್ನೋಟಕ್ಕೆ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಕರಗಿ ಕೂಡಿದೆಯೋ ಇಲ್ಲವೋ, ಹಾಕಿದವನಿಗೂ ತಿಳಿಯದು. ಬೋಲ್ಟಾದರೆ ಕಣ್ಣಿಗೆ ಕಾಣುತ್ತದೆ, ಪಾನ ಹಾಕಿ ತಿರುಗಿಸಿ ಬಿಗಿ ನೋಡಬಹುದು. ತೂತು ಹೊಡೆದಷ್ಟು ಕಬ್ಬಿಣ ಕಡಿಮೆಯಾಗುತ್ತದೆ, ನಿಜ, ಅದನ್ನು ಕಳೆದು ಉಳಿದದ್ದು ಎಳೆತಕ್ಕೆ ಸಾಕೇ ಎಂದು ನೋಡಿಕೊಂಡರಾಯಿತು.

ಸರಿಯಾದ ದಾರಿ ಅವನ ಕಣ್ಣೆದುರಿಗೇ ಇತ್ತು. ಇಲ್ಲೇ ಸೂರಿನಡಿಯಲ್ಲಿ, ಕಬ್ಬಿಣವನ್ನು ನೆಲದ ಮೇಲಿಟ್ಟು ಒಂದೊಂದು ಟ್ರಸ್ಸಿಗೂ ಎರಡೆರಡು ತ್ರಿಕೋನ ಬೆಸೆಯುವುದು. ಅಲ್ಲಿ ನೆತ್ತಿಯಲ್ಲೊಂದು ಕಡೆ, ಆ ಎರಡನ್ನೂ ಕೂಡಿಸುವ ಕೆಳಗಿನ ನಡುಕಂಬಿಯ ಎರಡು ತುದಿಯಲ್ಲಿ, ಒಟ್ಟು ಮೂರೇ ಕಡೆ ಬೋಲ್ಟು ಬಿಗಿಯುವುದು. ಲಾರಿಗೂ ಹಿಡಿಸುತ್ತದೆ, ಘಾಟಿಯ ತಿರುವಿಗೂ ತೊಂದರೆಯಿಲ್ಲ. ಆದರೆ ಬೋಲ್ಟು ಬಿಗಿಯಲು ಚಿಕ್ಕಮಗಳೂರಿನಿಂದ ವೆಲ್ಡರ್ ಯಾಕೆ ಬೇಕು? ಲಿಂಗಪ್ಪನೇ ಸಾಕು.

ಎರಡು ದಿನ ಅವನು ಗರಬಡಿದವನಂತೆ ಇದ್ದ. ನಾನೇನು ಅಷ್ಟು ಕೆಟ್ಟ ಬೆಸುಗೆ ಹಾಕುತ್ತೇನೆಯೇ ಎಂದು ಒಮ್ಮೆ, ಮಳೆಗಾಳಿಗೆ ತಾಡಪತ್ರಿ ಕಟ್ಟಿಕೊಂಡರಾಯಿತು ಎಂದು ಇನ್ನೊಮ್ಮೆ. ಆಸೆಗೆ ವಕೀಲರು ಬಹಳ. ಅವಳನ್ನು ನೋಡಬೇಕಿತ್ತು, ಅಷ್ಟೇ. ಆದರೆ ಸೂರು ನೆನೆದಾಗಲೆಲ್ಲ ಅದರ ಕೆಳಗೆ ಬುತ್ತಿ ಬಿಚ್ಚುತ್ತ ಕೂತ ಭಾಗಮ್ಮನೇ ಕಾಣುತ್ತಿದ್ದಳು. ಮೂರನೆಯ ದಿನ ಗೌಡರಿಗೆ ವಿಷಯ ಹೇಳಿಕಳಿಸಿ ಒಪ್ಪಿಸಿ, ತ್ರಿಕೋನಗಳನ್ನು ಬೆಸೆಯತೊಡಗಿದ. ಒಂದೊಂದು ಜೋಡಿಗೂ ಪಂಚಿನಿಂದ ಚುಕ್ಕೆ ಗುರುತು ಹೊಡೆದ, ಚುಕ್ಕೆಗೆ ಚುಕ್ಕೆ ಕೂಡಿಸಿದರೆ ತಪ್ಪುವ ಮಾತೇ ಇಲ್ಲ. ಯಂತ್ರದ ಅದುರುವಿಕೆಗೆ ನಟ್ಟು ಸಡಿಲವಾಗದಂತೆ ಸ್ಪ್ರಿಂಗ್ ವಾಷರ್ ಎಣಿಸಿ ಚೀಲಕ್ಕೆ ಹಾಕಿದ. ಅಷ್ಟು ಚೆನ್ನಾಗಿ ಮಾಡಿ ತನ್ನ ದಾರಿಯನ್ನು ತಾನೇ ಮುಚ್ಚಿಕೊಂಡ ಪುಣ್ಯಾತ್ಮ.

ಸಾಮಾನು ಒಯ್ಯಲು ಲಾರಿಯೊಂದಿಗೆ ಎಸ್ಟೇಟಿನ ಮೇಸ್ತ್ರಿ ತಮ್ಮಯ್ಯ ಬಂದ. ಎಲ್ಲ ತುಂಬಿಸಿ, ಚುಕ್ಕೆಗಳನ್ನು ಬೆರಳಿಂದ ಮುಟ್ಟಿ ನೋಡಿ, "ಇಷ್ಟು ಗುರ್ತು ಹಾಕಿದ ಮೇಲೆ ನೀವು ಬರೋದೇನೂ ಬೇಡ ಬಿಡಿ. ಲಿಂಗಪ್ಪನವ್ರು ಬಿಗಿದ್ಕತಾರೆ," ಎಂದ.

"ಬಿಗಿದ್ಕತಾರೆ," ಎಂದ ಷಡಕ್ಷರಿ.

"ಭಾಗಮ್ಮ ಕೇಳ್ತಿದ್ರು, ಟ್ರಸ್ಸು ಮಾಡೋರು ಯಾರು ಅಂತ. ಹೇಳಿದೆ. ಬುತ್ತಿ ಪಾತ್ರೆ ಎತ್ಕಂಡು ಹೋದ್ರು."

ಲಾರಿ ಸ್ಟಾರ್ಟಾಯಿತು. ಷಡಕ್ಷರಿಯ ಬಾಯಿಗೆ ಒಂದು ನೆಪ ಬಂದೇಬಂತು. ಶೀಟು ಹೊದಿಸಿ ಭಾರ ಬಿದ್ದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಬೇಕು, ಅದು ನಿಜವೇ. ಅದಕ್ಕೆ ನಾನೇ ಬರಬೇಕು ಎಂದರೆ ತಮ್ಮಯ್ಯ ನಂಬುತ್ತಿದ್ದ. ಆದರೆ ಮೂರು ವರ್ಷದ ಹಿಂದೆ ಅವಳು ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದದ್ದು ನೆನಪಾಯಿತು. ಅಂದೂ ತಾನು ಹೋದದ್ದು ಕೆಲಸ ಮುಗಿದ ಮೇಲೆ. ಈಗಲೂ ಕೆಲಸದ ಬೆನ್ನು ಹತ್ತಿಯೇ ಹೋಗುವುದೇ?

ಅವನು ಚಿಮಟವನ್ನು ಬೆಂಚಿನ ಮೇಲಿಟ್ಟು, ಅಂಗಿಯ ಕೈಗಳನ್ನು ಇಳಿಸಿಕೊಂಡು, ತ್ರಿಕೋನಗಳ ಪಕ್ಕದಲ್ಲಿ ಲಾರಿ ಹತ್ತಿದ.

"ಇನ್ನೂ ಏನಾದ್ರೂ ಕೆಲ್ಸ ಉಳಿದೈತಾ?" ಎಂದ ತಮ್ಮಯ್ಯ.

"ಕೆಲ್ಸ ಏನೂ ಇಲ್ಲ ಮೇಸ್ತ್ರಿ. ಅಲ್ಲಿ ನನ್ನ ಹೆಂಡ್ತಿ ಇದಾಳೆ."