ಐತಣ್ಣನಿಗೆ ಒಂದು ಗೇಣು ಸಾಲದು

ಭಾನುವಾರ ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಐತಣ್ಣ ಮದ್ರಾಸಿನ ಪುರಸೈವಾಕ್ಕಂನ ಹೋಟೆಲಿನ ಅಡುಗೆಮನೆಯಲ್ಲಿ ಶ್ರದ್ಧೆಯಿಂದ ಇಡ್ಲಿ ತಿನ್ನುತ್ತಿದ್ದರು. ಜನರನ್ನು ಮಾತಾಡಿಸಿ ರೆಕಾರ್ಡ್ ಮಾಡುವ ಹುಡುಗಿ ಚಿನ್ಮಯಿ ಕಳಿಸಿದ ಆಹ್ವಾನದಲ್ಲೇ ಹಾಗಿತ್ತು: ಇಂಟರ್ನೆಟ್ಟಿನ ಪಾಡ್‌ಕಾಸ್ಟ್‌ಗೆ ಮಾತಾಡಲು 2007ರ ಆಗಸ್ಟ್ 12ರಂದು ಹತ್ತು ಗಂಟೆಗೆ ನಮ್ಮ ಕೋಡಂಬಾಕ್ಕಂ ಮನೆಗೆ ಬನ್ನಿ, ನಲವತ್ತು ನಿಮಿಷ, ಫ್ಯಾನ್, ಮೊಬೈಲ್ ಬಂದ್, ಮೈಕಿನಿಂದ ಒಂದು ಗೇಣು ದೂರ ಕೂರಬೇಕು, ಹಸಿದ ಹೊಟ್ಟೆ ಗುರುಗುಟ್ಟಿದರೂ ಮೈಕಿಗೆ ಕೇಳುತ್ತದೆ, ತಿಂದು ಬನ್ನಿ.

ಐತಣ್ಣ ಮೂವತ್ತು ವರ್ಷ ಗಿರಾಕಿಗಳ ಆರ್ಡರನ್ನು ಅಡುಗೆಮನೆಗೆ ಕೂಗಿದ ಸಪ್ಲೈಯರ್.

“ನಿಂಗೆ ಮೈಕ್ ಯಾಕೆ ಮಾರಾಯ? ಕಿಟಕಿ ತೆಗೆದ್ರೆ ಸಾಕು, ಮದ್ರಾಸಿಗೆಲ್ಲ ಕೇಳ್ತದೆ. ನೋಡು, ವಾಪಸ್ ಕಳಿಸ್ತಾರೆ,” ಎಂದು ಕ್ಯಾಷಿಯರ್ ಸೀತಾರಾಮ ನಕ್ಕ. ಆ ಭಯ ಐತಣ್ಣನಿಗೂ ಇತ್ತು.

ಹತ್ತು ಗಂಟೆಗೆ ಕೋಡಂಬಾಕ್ಕಂ ಮನೆಯ ಕಿಟಕಿ ಮುಚ್ಚಿದ ಕೋಣೆಯಲ್ಲಿ ಐತಣ್ಣನನ್ನು ಮೈಕಿನ ಮುಂದೆ ಕೂರಿಸಿ ಚಿನ್ಮಯಿ ಲ್ಯಾಪ್‌ಟಾಪ್ ಮುಂದೆ ಕೂತಳು.

“ದನಿ ಲೆವೆಲ್ ನೋಡ್ಬೇಕು ಐತಣ್ಣ. ಬೆಳಿಗ್ಗೆ ಎಷ್ಟು ಇಡ್ಲಿ ತಿಂದ್ರಿ, ಮಾಮೂಲಿ ದನಿಲಿ ಹೇಳಿ.”

ಹೇಳಿದರು. ಪರದೆಯಲ್ಲಿ ದನಿಯ ಮಟ್ಟ ತೋರಿಸುವ ಪಟ್ಟಿ ಪೂರ್ತಿ ಕೆಂಪಾಯಿತು. ದನಿ ಒಡೆದು ಕರಕರ ಎಂದಿತು.

“ಹಾಗಾದ್ರೆ ನಾನು ಹೊರಡ್ಲಾ ಅಮ್ಮಾ?”

“ಅಯ್ಯೋ, ಕೂತ್ಕೊಳ್ಳಿ. ಹೊರಡೋದು ಮೈಕು!”

ಅವಳು ಮೈಕ್ ದನಿ ಎಳೆದುಕೊಳ್ಳುವ ಗೇನ್ ತಗ್ಗಿಸಿ, ಮೈಕನ್ನು ಮೇಜಿನ ಆಚೆ ತುದಿಗೆ ಸರಿಸಿದಳು. “ಇನ್ನೊಮ್ಮೆ ಹೇಳಿ.”

ಪಟ್ಟಿ ಹಸಿರಲ್ಲೇ ನಿಂತಿತು. ಆ ಸಂಚಿಕೆ ಇಂದಿಗೂ ಶುರುವಾಗುವುದು ಐತಣ್ಣನ ಆ ಒಂದೇ ಮಾತಿನಿಂದ: “ಹದಿನಾಲ್ಕು!”